ಎಂಟು ಸಾಲಿನ ಟ್ರೂತ್ ಟೇಬಲ್ 4:1 ಮಕ್ಸ್‌ನಲ್ಲಿ ಹಿಡಿಸುವುದು ಹೇಗೆ?

ಪ್ರಶ್ನೆ: F(A,B,C) = Σm(1,2,3,6) ಫಂಕ್ಷನ್ನನ್ನು ಒಂದೇ ಒಂದು 4:1 ಮಲ್ಟಿಪ್ಲೆಕ್ಸರ್ ಬಳಸಿ ಮಾಡಿ ಅಂತ ಕೊಟ್ಟಿದ್ದಾರೆ. ಟ್ರೂತ್ ಟೇಬಲ್‌ನಲ್ಲಿ ಎಂಟು ಸಾಲು, ಮಕ್ಸ್‌ಗೆ ಇನ್‌ಪುಟ್ ನಾಲ್ಕೇ. ಮೂರನೇ ವೇರಿಯಬಲ್ ಎಲ್ಲಿಗೆ ಹೋಗುತ್ತೆ? ಮಕ್ಸ್ ಯೂನಿವರ್ಸಲ್ ಅನ್ನುವುದೂ ನನಗೆ ಸರಿಯಾಗಿ ಅರ್ಥ ಆಗಿಲ್ಲ.

ಉತ್ತರ:

ಮೂರನೇ ವೇರಿಯಬಲ್ ಡೇಟಾ ಇನ್‌ಪುಟ್‌ಗಳಿಗೆ ಹೋಗುತ್ತದೆ. ಅದು ಯಾಕೆ ಸಾಧ್ಯ ಅನ್ನುವುದು 4:1 ಮಕ್ಸ್‌ನ ಸಮೀಕರಣದಲ್ಲೇ ಇದೆ.

```
Y = S1'·S0'·I0 + S1'·S0·I1 + S1·S0'·I2 + S1·S0·I3
```

I0ಯಿಂದ I3ವರೆಗಿನವನ್ನು ಸ್ವಲ್ಪ ಹೊತ್ತು ಮರೆತು ನೋಡಿ. ಉಳಿಯುವುದು S1, S0 ಎಂಬ ಎರಡು ವೇರಿಯಬಲ್‌ಗಳ ನಾಲ್ಕು ಮಿನ್‌ಟರ್ಮ್‌ಗಳು. ಅವೆಲ್ಲ ಚಿಪ್‌ನೊಳಗೆ ಸಿದ್ಧವಾಗಿಯೇ ಇವೆ, ಅವನ್ನು ಕೂಡಿಸುವ OR ಕೂಡ ಇದೆ. ಯಾವ ಮಿನ್‌ಟರ್ಮ್ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಕೆಲಸ ಮಾತ್ರ I ಕಾಲುಗಳದ್ದು. ಸಾಮಾನ್ಯವಾಗಿ ಮಕ್ಸ್‌ನಲ್ಲಿ ಡೇಟಾ I ಕಾಲುಗಳಿಗೆ ಬರುತ್ತದೆ, ಸೆಲೆಕ್ಟ್ ಅದರಲ್ಲಿ ಒಂದನ್ನು ಆರಿಸುತ್ತದೆ. ಇಲ್ಲಿ ಅದನ್ನು ತಿರುಗಿಸುತ್ತೇವೆ: ವೇರಿಯಬಲ್‌ಗಳು ಸೆಲೆಕ್ಟ್‌ಗೆ, ಟ್ರೂತ್ ಟೇಬಲ್‌ನ ಉತ್ತರದ ಕಾಲಂ I ಕಾಲುಗಳಿಗೆ. 0,1,1,0 ಕಟ್ಟಿದರೆ ಅದೇ ಮಕ್ಸ್ XOR ಆಗುತ್ತದೆ, 1,1,1,0 ಕಟ್ಟಿದರೆ NAND ಆಗುತ್ತದೆ. ಎರಡು ವೇರಿಯಬಲ್‌ಗಳ ಹದಿನಾರೂ ಫಂಕ್ಷನ್‌ಗಳು ಹೀಗೆ ಬರುತ್ತವೆ, ಹೊರಗಿನಿಂದ ಒಂದೂ ಗೇಟ್ ಬೇಕಾಗುವುದಿಲ್ಲ.

ಈಗ ಮೂರು ವೇರಿಯಬಲ್. A ಮತ್ತು Bಯನ್ನು ಸೆಲೆಕ್ಟ್‌ಗೆ ಕೊಡಿ: S1 = A, S0 = B. A, B ಎರಡೂ ಗೊತ್ತಾದ ಮೇಲೆ F ಅವಲಂಬಿಸಬಹುದಾದದ್ದು C ಒಂದನ್ನೇ. C ಒಂದರ ಮೇಲೆ ನಿಂತ ಫಂಕ್ಷನ್‌ಗಳು ನಾಲ್ಕೇ: 0, 1, C, C'. ಹಾಗಾಗಿ ಪ್ರತಿ I ಕಾಲಿಗೂ ಈ ನಾಲ್ಕರಲ್ಲಿ ಒಂದು ಹೋಗಲೇಬೇಕು, ಬೇರೆ ದಾರಿಯಿಲ್ಲ. ಟೇಬಲ್ಲನ್ನು ಎರಡೆರಡು ಸಾಲಿನ ಜೋಡಿಗಳಾಗಿ ಓದಿದರೆ ಯಾವುದು ಎಲ್ಲಿಗೆ ಅಂತ ಕಾಣುತ್ತದೆ.

```
A B C | F
0 0 0 | 0
0 0 1 | 1    I0 = C
0 1 0 | 1
0 1 1 | 1    I1 = 1
1 0 0 | 0
1 0 1 | 0    I2 = 0
1 1 0 | 1
1 1 1 | 0    I3 = C'
```

ಮೊದಲ ಜೋಡಿಯಲ್ಲಿ C ಹೇಗೆ ಬದಲಾಗುತ್ತದೋ F ಹಾಗೆಯೇ ಬದಲಾಗುತ್ತಿದೆ, ಆದ್ದರಿಂದ C. ಎರಡನೆಯದರಲ್ಲಿ C ಏನೇ ಇದ್ದರೂ F = 1. ಮೂರನೆಯದರಲ್ಲಿ ಏನೇ ಇದ್ದರೂ 0. ಕೊನೆಯದರಲ್ಲಿ Cಗೆ ತದ್ವಿರುದ್ಧ. ಸಮೀಕರಣಕ್ಕೆ ಹಾಕಿ ನೋಡಿದರೆ A'B'C + A'B + ABC' ಬರುತ್ತದೆ, ಅಂದರೆ m1, ಆಮೇಲೆ m2 ಮತ್ತು m3 ಒಟ್ಟಿಗೆ, ಆಮೇಲೆ m6. ನಿಮಗೆ ಬೇಕಾದದ್ದೇ.

ಈ ವಿಧಾನದಲ್ಲಿ ಯಾವುದಾದರೂ ಫಂಕ್ಷನ್ ತಪ್ಪಿಸಿಕೊಳ್ಳಬಹುದೇ ಅಂತ ಅನುಮಾನ ಬಂದರೆ ಎಣಿಸಿ ನೋಡಿ. ನಾಲ್ಕು ಕಾಲು, ಒಂದೊಂದಕ್ಕೆ ನಾಲ್ಕು ಆಯ್ಕೆ, ಒಟ್ಟು 256. ಮೂರು ವೇರಿಯಬಲ್‌ಗಳ ಫಂಕ್ಷನ್‌ಗಳ ಸಂಖ್ಯೆಯೂ 2⁸ = 256. ಒಂದು ಜೋಡಣೆಗೆ ಒಂದು ಫಂಕ್ಷನ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಪುಸ್ತಕದ ಉತ್ತರ ಬೇರೆಯಾಗಿದ್ದರೆ ಗಾಬರಿ ಬೇಡ. ಅನೇಕ ಪುಸ್ತಕಗಳು ಇಂಪ್ಲಿಮೆಂಟೇಶನ್ ಟೇಬಲ್ ಅಂತ ಬರೆದು B, Cಯನ್ನು ಸೆಲೆಕ್ಟ್‌ಗೆ ಕೊಟ್ಟು Aಯನ್ನು ಡೇಟಾಗೆ ಕಳಿಸುತ್ತವೆ. ಆಗ ಜೋಡಿಯಾಗುವುದು ಅಕ್ಕಪಕ್ಕದ ಸಾಲುಗಳಲ್ಲ, ನಾಲ್ಕು ಸಾಲು ದೂರದವು: m0 ಜೊತೆ m4, m1 ಜೊತೆ m5, ಹೀಗೆ. ನಿಮ್ಮ ಫಂಕ್ಷನ್‌ಗೆ ಆ ರೀತಿಯಲ್ಲಿ I0 = 0, I1 = A', I2 = 1, I3 = A' ಬರುತ್ತದೆ. ಇದೂ ಸರಿ, ಮೇಲಿನದೂ ಸರಿ. ಒಂದು ವಿಧಾನದ ಸೆಲೆಕ್ಟ್ ಇಟ್ಟುಕೊಂಡು ಇನ್ನೊಂದು ವಿಧಾನದ ಜೋಡಿ ಓದಿದರೆ ಮಾತ್ರ ಕೆಡುತ್ತದೆ. ಹಾಗಾಗಿ "S1 = ?, S0 = ?" ಅನ್ನುವುದನ್ನು ಉತ್ತರದ ಮೊದಲ ಸಾಲಿನಲ್ಲೇ ಬರೆದುಬಿಡಿ.

ಇಲ್ಲಿಂದ ಮುಂದಿನದು ಪರೀಕ್ಷೆಯಲ್ಲಿ ಕೇಳುವುದು ಅಪರೂಪ, ಆದರೆ ನನಗೆ ಇದೇ ಹೆಚ್ಚು ಸ್ವಾರಸ್ಯ. ಮೇಲಿನ ಎರಡೂ ಜೋಡಣೆಗಳಿಗೆ ಒಂದು ಇನ್ವರ್ಟರ್ ಬೇಕು, ಒಂದಕ್ಕೆ C' ಮಾಡಲು, ಇನ್ನೊಂದಕ್ಕೆ A' ಮಾಡಲು. ಮೂರನೆಯ ಆಯ್ಕೆ ನೋಡಿ: S1 = C, S0 = A, ಡೇಟಾಗೆ B. C = 0 ಇದ್ದಾಗ F ಅಂದರೆ B ತಾನೇ, A ಏನಾದರೂ ಇರಲಿ. C = 1 ಇದ್ದಾಗ A 0 ಆದರೆ 1, A 1 ಆದರೆ 0. ಅಂದರೆ:

```
S1 = C, S0 = A
I0 = B, I1 = B, I2 = 1, I3 = 0
```

ಇನ್ವರ್ಟರ್ ಮಾಯ. ಎಲ್ಲ ಫಂಕ್ಷನ್‌ಗೂ ಈ ಅದೃಷ್ಟ ಇರುವುದಿಲ್ಲ. ಉದಾಹರಣೆಗೆ ಮೂರು ವೇರಿಯಬಲ್‌ಗಳ XORನಲ್ಲಿ ಯಾವುದನ್ನು ಡೇಟಾಗೆ ಕಳಿಸಿದರೂ ಅದೂ ಬೇಕು, ಅದರ ವಿಲೋಮವೂ ಬೇಕು. ಆದರೂ ಮೂರು ಆಯ್ಕೆಗಳನ್ನೂ ಬರೆದು ನೋಡಲು ಒಂದೆರಡು ನಿಮಿಷ ಸಾಕು.

ನಿಜವಾದ ಚಿಪ್‌ನಲ್ಲಿ ಈ ಇನ್ವರ್ಟರ್ ಉಳಿಸುವುದಕ್ಕೆ ಬೆಲೆಯಿದೆ. ಲ್ಯಾಬ್‌ಗಳಲ್ಲಿ ಸಿಗುವ 74LS153ರಲ್ಲಿ ಎರಡು 4:1 ಮಕ್ಸ್ ಇರುತ್ತವೆ, ಆದರೆ ಸೆಲೆಕ್ಟ್ ಲೈನ್‌ಗಳು ಎರಡಕ್ಕೂ ಒಂದೇ. "ಎರಡನೇ ಮಕ್ಸ್ ಖಾಲಿ ಇದೆಯಲ್ಲ, ಅದರಲ್ಲೇ C' ಮಾಡಿಕೊಳ್ಳೋಣ" ಅಂದುಕೊಂಡರೆ ಮೊದಲ ಜೋಡಣೆಯಲ್ಲಿ ಡೇಟಾ ಕಾಲುಗಳಿಂದ ಅದು ಆಗುವುದಿಲ್ಲ. ಸೆಲೆಕ್ಟ್‌ನಲ್ಲಿ ಕೂತಿರುವುದು A ಮತ್ತು B. ಡೇಟಾಗೆ C ಕೊಟ್ಟರೆ C ಹಾಗೆಯೇ ಹಾದುಹೋಗುತ್ತದೆ, ವಿಲೋಮ ಆಗುವುದಿಲ್ಲ. ಆ ಮಕ್ಸ್‌ಗೆ ತನ್ನದೇ ಎನೇಬಲ್ ಕಾಲಿದೆ, ಅದು 1 ಆದರೆ ಔಟ್‌ಪುಟ್ 0; ಅದಕ್ಕೆ C ಕೊಟ್ಟು ನಾಲ್ಕೂ ಡೇಟಾ ಕಾಲುಗಳಿಗೆ 1 ಕಟ್ಟಿದರೆ ಮಾತ್ರ C' ಸಿಗುತ್ತದೆ. ಎರಡನೇ ಮಕ್ಸ್ ಬೇರೆ ಕೆಲಸಕ್ಕೆ ಬೇಕಿದ್ದರೆ ಒಂದು ಇನ್ವರ್ಟರ್‌ಗೋಸ್ಕರ ಇನ್ನೊಂದು ಚಿಪ್ ಹಾಕಬೇಕಾಗುತ್ತದೆ.

ಅದೇ 153ರಲ್ಲಿ ಇನ್ನೊಂದು ಬಲೆಯಿದೆ. ಇದರ ಅನೇಕ ಡೇಟಾಶೀಟ್‌ಗಳಲ್ಲಿ ಸೆಲೆಕ್ಟ್ ಕಾಲುಗಳ ಹೆಸರೇ A ಮತ್ತು B, ಮತ್ತು ಅಲ್ಲಿ ದೊಡ್ಡ ಬಿಟ್ B (2ನೇ ಪಿನ್), ಚಿಕ್ಕ ಬಿಟ್ A (14ನೇ ಪಿನ್). ನಮ್ಮ ಫಂಕ್ಷನ್‌ನಲ್ಲಿ ದೊಡ್ಡ ಬಿಟ್ A. ಹೆಸರು ನೋಡಿ Aಗೆ A, Bಗೆ B ಕಟ್ಟಿದರೆ I1 ಮತ್ತು I2 ಅದಲುಬದಲಾಗುತ್ತವೆ. ಪತ್ತೆ ಹಚ್ಚುವುದು ಸುಲಭ: A, B ಎರಡೂ 0 ಅಥವಾ ಎರಡೂ 1 ಇದ್ದಾಗ ಔಟ್‌ಪುಟ್ ಸರಿಯಾಗಿರುತ್ತದೆ, ಎರಡೂ ಬೇರೆಬೇರೆ ಇದ್ದಾಗ ಮಾತ್ರ ತಪ್ಪು ಬರುತ್ತದೆ. ನಿಮ್ಮ ಫಂಕ್ಷನ್‌ನಲ್ಲಿ m2, m3ಗೆ 0 ಬಂದು m4, m5ಗೆ 1 ಬಂದರೆ ಬೇರೇನೂ ಹುಡುಕಬೇಡಿ, ಆ ಎರಡು ವೈರು ಬದಲಿಸಿ. ಎಂಟೂ ಸಾಲಿಗೆ 0 ಬರುತ್ತಿದ್ದರೆ ಮೊದಲು ಎನೇಬಲ್ ಕಾಲು ನೋಡಿ. ಅದು 0 ಇದ್ದಾಗ ಕೆಲಸ ಮಾಡುವ ಕಾಲು. LS ಚಿಪ್‌ನಲ್ಲಿ ಅದನ್ನು ಎಲ್ಲಿಗೂ ಕಟ್ಟದೆ ಬಿಟ್ಟರೆ 1 ಎಂದೇ ಓದಿಕೊಳ್ಳುತ್ತದೆ, ಔಟ್‌ಪುಟ್ 0 ಆಗಿ ಕೂತುಬಿಡುತ್ತದೆ.

ಇನ್ನು ಯೂನಿವರ್ಸಲ್ ಅನ್ನುವ ಮಾತು. 2:1 ಮಕ್ಸ್ ಒಂದನ್ನೇ ತೆಗೆದುಕೊಳ್ಳಿ, ಸೆಲೆಕ್ಟ್ A. ಡೇಟಾಗೆ 1, 0 ಕೊಟ್ಟರೆ NOT. 0, B ಕೊಟ್ಟರೆ AND. B, 1 ಕೊಟ್ಟರೆ OR. ಈ ಮೂರು ಬಂದ ಮೇಲೆ ಯಾವ ಬೂಲಿಯನ್ ಫಂಕ್ಷನ್ ಬೇಕಾದರೂ ಕಟ್ಟಬಹುದು, ಯೂನಿವರ್ಸಲ್ ಅಂದರೆ ಇಷ್ಟೇ. ಆದರೆ NANDಗೂ ಮಕ್ಸ್‌ಗೂ ಒಂದು ವ್ಯತ್ಯಾಸ ಇದೆ, ಅದನ್ನು ಕ್ಲಾಸ್‌ನಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. NANDನ ಎರಡು ಇನ್‌ಪುಟ್ ಸೇರಿಸಿದರೆ NOT ಸಿಕ್ಕಿಬಿಡುತ್ತದೆ, ಬೇರೇನೂ ಬೇಡ. ಮಕ್ಸ್‌ನ ಎಲ್ಲ ಕಾಲುಗಳಿಗೂ 0 ಕೊಟ್ಟರೆ 0 ಬರುತ್ತದೆ, ಎಲ್ಲಕ್ಕೂ 1 ಕೊಟ್ಟರೆ 1 ಬರುತ್ತದೆ. ಅಂಥ ಮಕ್ಸ್‌ಗಳನ್ನು ಎಷ್ಟು ಪೋಣಿಸಿದರೂ ಈ ಗುಣ ಉಳಿಯುತ್ತದೆ, ಹಾಗಾಗಿ ವೇರಿಯಬಲ್‌ಗಳನ್ನು ಮಾತ್ರ ಕಟ್ಟಿ NOT ಮಾಡಲು ಸಾಧ್ಯವೇ ಇಲ್ಲ. 0 ಮತ್ತು 1 ಎಂಬ ಸ್ಥಿರ ಬೆಲೆಗಳನ್ನು ಹೊರಗಿನಿಂದ ಕೊಡಲೇಬೇಕು. ಸರ್ಕ್ಯೂಟ್‌ನಲ್ಲಿ ಗ್ರೌಂಡ್ ಮತ್ತು ಸಪ್ಲೈ ಯಾವಾಗಲೂ ಇರುವುದರಿಂದ ಇದು ತೊಂದರೆಯಾಗಿ ಕಾಣುವುದಿಲ್ಲ, ಅಷ್ಟೇ.

ನಾಲ್ಕು ವೇರಿಯಬಲ್ ಬಂದರೆ 4:1 ಸಾಕಾಗುತ್ತದೆಯೇ ಅಂತ ಮುಂದೆ ಕೇಳುತ್ತೀರಿ. ಎರಡು ಸೆಲೆಕ್ಟ್‌ಗೆ ಹೋದ ಮೇಲೆ ಉಳಿಯುವುದು ಎರಡು ವೇರಿಯಬಲ್. ಪ್ರತಿ I ಕಾಲಿಗೂ CD, C + D' ಥರದ್ದು ಬೇಕಾಗಬಹುದು, ಅದಕ್ಕೆ ಹೊರಗಿನ ಗೇಟ್ ಬೇಕು. ಆಗ 8:1 ಮಕ್ಸ್ ಹಿಡಿಯುವುದೇ ಸರಳ. ಎಫ್‌ಪಿಜಿಎ ಒಳಗಿನ ಲುಕಪ್ ಟೇಬಲ್ ಇದೇ ಉಪಾಯದ ದೊಡ್ಡ ರೂಪ. ಅಲ್ಲಿ I ಕಾಲುಗಳಿಗೆ ಮೆಮೊರಿ ಬಿಟ್‌ಗಳು ಕಟ್ಟಿರುತ್ತವೆ, ವೇರಿಯಬಲ್‌ಗಳೆಲ್ಲ ಸೆಲೆಕ್ಟ್‌ನಲ್ಲೇ ಇರುತ್ತವೆ.

ಕೊನೆಗೆ, ಇನ್ವರ್ಟರ್ ಇಲ್ಲದ ಜೋಡಣೆಯೇ ಸದಾ ಮೇಲು ಅಂತ ನಾನು ಹೇಳಲಾರೆ. A = 0, B = 1 ಇಟ್ಟು C ಒಂದನ್ನೇ 1ರಿಂದ 0ಗೆ ಇಳಿಸಿ. F ಮೊದಲೂ 1, ಆಮೇಲೂ 1. A, B ಸೆಲೆಕ್ಟ್‌ನಲ್ಲಿರುವ ಜೋಡಣೆಯಲ್ಲಿ ಆಯ್ಕೆಯಾಗಿರುವ I1 ಸಪ್ಲೈಗೆ ಕಟ್ಟಿದೆ, C ಬದಲಾದದ್ದು ಅದಕ್ಕೆ ತಾಗುವುದೇ ಇಲ್ಲ. C ಸೆಲೆಕ್ಟ್‌ನಲ್ಲಿದ್ದರೆ ಮಕ್ಸ್ I2ದಿಂದ I0ಗೆ ಹೊರಳಬೇಕು. ಎರಡರಲ್ಲೂ 1 ಇದ್ದರೂ ಒಳಗಿನ C' ಸ್ವಲ್ಪ ತಡವಾಗಿ ಏಳುವುದರಿಂದ ಆ ನಡುವೆ ಯಾವ ಮಿನ್‌ಟರ್ಮೂ ಜೀವಂತವಿರುವುದಿಲ್ಲ, ಔಟ್‌ಪುಟ್ ಕೆಲವು ನ್ಯಾನೋಸೆಕೆಂಡ್ 0ಗೆ ಬಿದ್ದು ಏಳಬಹುದು. ಆಸಿಲೋಸ್ಕೋಪ್‌ನಲ್ಲಿ ಸೂಜಿಯಂಥ ಗೆರೆ ಕಂಡರೆ ಅದು ಇದೇ. ಮೊದಲ ಜೋಡಣೆಯಲ್ಲೂ A ಅಥವಾ B ಬದಲಾದಾಗ ಇದೇ ಕಾಟ ಬರಬಹುದು. ಔಟ್‌ಪುಟ್ ಒಂದು ಫ್ಲಿಪ್‌ಫ್ಲಾಪ್‌ನ D ಕಾಲಿಗೆ ಹೋಗಿ, ಕ್ಲಾಕ್ ಬರುವಷ್ಟರಲ್ಲಿ ಎಲ್ಲ ನೆಲೆಗೊಂಡಿರುತ್ತದೆ ಅನ್ನುವುದಾದರೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಇನ್ವರ್ಟರ್ ಉಳಿಸಿ. ಔಟ್‌ಪುಟ್ ನೇರವಾಗಿ ಯಾವುದಾದರೂ ಕ್ಲಾಕ್ ಅಥವಾ ರಿಸೆಟ್ ಕಾಲಿಗೆ ಹೋಗುವುದಾದರೆ, ಪದೇಪದೇ ಬದಲಾಗುವ ವೇರಿಯಬಲ್ಲನ್ನು ಡೇಟಾಗೆ ಕಳಿಸಿ, ನಿಧಾನವಾಗಿ ಬದಲಾಗುವವನ್ನು ಸೆಲೆಕ್ಟ್‌ನಲ್ಲಿ ಇಡಿ.