ಕೆನ್ನೆ ಮೇಲಿನ ಪಟ್ಟಿ ಹೋಗಬೇಕಾದರೆ 16 ಬಿಟ್‌ಗೆ ಯಾವಾಗ ಬದಲಾಯಿಸಬೇಕು?

ಪ್ರಶ್ನೆ: ಮದುವೆ ಆಲ್ಬಮ್‌ಗೆ ರಿಸೆಪ್ಷನ್ ಫೋಟೋನ ಬೆಳಗಿನ ಫೋಟೋಗೆ ಕಲರ್ ಮ್ಯಾಚ್ ಮಾಡಿದೆ. ಮದುಮಗಳ ಕೆನ್ನೆ, ಹಣೆ ಮೇಲೆ ಪಟ್ಟಿ ಪಟ್ಟಿ ಕಾಣ್ತಿದೆ. ಫೋಟೋಶಾಪ್‌ನಲ್ಲಿ 16 ಬಿಟ್‌ಗೆ ಬದಲಾಯಿಸಿದರೂ ಹೋಗಲಿಲ್ಲ. ಯಾಕೆ?

ಬದಲಾಯಿಸಿದ್ದು ತಡವಾಯ್ತು, ಅಷ್ಟೇ. ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಪ್ರಿಂಟ್ ಬಂದ ಮೇಲೆ ಮದುಮಗಳ ಅಮ್ಮ ಕೆನ್ನೆ ಮೇಲೆ ಬೆರಳಿಟ್ಟು "ಇದೇನಪ್ಪಾ, ಮುಖದ ಮೇಲೆ ನೀರು ಇಳಿದ ಹಾಗಿದೆ" ಅಂದರು.

ರಿಸೆಪ್ಷನ್‌ನ ಹಳದಿ ಬಲ್ಬಿನ ಬೆಳಕಲ್ಲಿ ಚರ್ಮದ ನೀಲಿ ಚಾನೆಲ್ ತೀರಾ ಕೆಳಗಿರುತ್ತದೆ. ಕೆನ್ನೆಯ ನೆರಳಿನಿಂದ ಹೊಳಪಿನವರೆಗೆ ಅದು 0ಯಿಂದ 255ರ ಅಳತೆಯಲ್ಲಿ 36ರಿಂದ 54ರವರೆಗೆ ಹೋಗುತ್ತದೆ ಅಂದುಕೊಳ್ಳಿ. 8 ಬಿಟ್‌ನಲ್ಲಿ ಅಲ್ಲಿ ಇರುವುದು ಬರೀ 19 ಮೆಟ್ಟಿಲು. ಬೆಳಗಿನ ಕಿಟಕಿ ಬೆಳಕಿನ ಫೋಟೋಗೆ ಹೊಂದಿಸಲು ಕರ್ವ್ಸ್‌ನಲ್ಲಿ ಅದನ್ನು 80ರಿಂದ 152ಕ್ಕೆ ಎಳೆಯುತ್ತೀರಿ. ಮೆಟ್ಟಿಲು ಈಗಲೂ 19, ಆದರೆ ಒಂದೊಂದೂ 4ರಷ್ಟು ಎತ್ತರ. ಕೆಂಪು, ಹಸಿರು ಚಾನೆಲ್‌ಗಳ ಮೆಟ್ಟಿಲು ಬೇರೆ ಬೇರೆ ಜಾಗದಲ್ಲಿ ಬೀಳುವುದರಿಂದ ಒಂದು ಪಟ್ಟಿ ಹಳದಿ, ಪಕ್ಕದ್ದು ಗುಲಾಬಿ ಆಗಿ ಕಾಣುತ್ತದೆ. ಇಳಿಜಾರು ಹೋಗಿ ಮೆಟ್ಟಿಲು ಗದ್ದೆ ಆಯ್ತು ಅಲ್ವಾ? ಆಮೇಲೆ 16 ಬಿಟ್‌ ಮಾಡಿದರೆ ಫೋಟೋಶಾಪ್ ಅದೇ 19 ಮೆಟ್ಟಿಲನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡುತ್ತದೆ. ನಡುವಿನದನ್ನು ಅದು ಎಲ್ಲಿಂದ ತರಬೇಕು?

ನಿಮ್ಮ ಹತ್ತಿರ ರಾ ಫೈಲ್ ಇದ್ದರೆ ಕೆಲಸ ಸುಲಭ. ಕ್ಯಾಮೆರಾ ರಾ ಕಿಟಕಿಯ ಕೆಳಗೆ ಕಲರ್ ಸ್ಪೇಸ್, ಬಿಟ್ ಬರೆದಿರುವ ಸಾಲಿದೆ. ಅದನ್ನು ಒತ್ತಿ `16 Bits/Channel` ಆರಿಸಿ. ಬಿಳಿ ಸಮತೋಲನವನ್ನು, ಅಂದರೆ ವೈಟ್ ಬ್ಯಾಲೆನ್ಸನ್ನು, ಅಲ್ಲೇ ಆದಷ್ಟು ಹತ್ತಿರ ತಂದುಬಿಡಿ. ಕರ್ವ್ಸ್‌ಗೆ ಉಳಿಯುವ ಎಳೆತ ಕಡಿಮೆಯಾದಷ್ಟೂ ಒಳ್ಳೆಯದು. ಫೋಟೋಶಾಪ್‌ನ 16 ಬಿಟ್‌ನಲ್ಲಿ 8 ಬಿಟ್‌ನ ಪ್ರತಿ ಮೆಟ್ಟಿಲಿನೊಳಗೆ 128 ಸಣ್ಣ ಮೆಟ್ಟಿಲು ಸಿಗುತ್ತವೆ. ಕ್ಯಾಮೆರಾದ 12 ಅಥವಾ 14 ಬಿಟ್ ಅಷ್ಟನ್ನೂ ತುಂಬುವುದಿಲ್ಲ, ಆದರೂ ನಾಲ್ಕು ಪಟ್ಟು ಎಳೆಯಲು ಅದು ಧಾರಾಳ ಸಾಕು.

ಜೆಪೆಗ್ ಮಾತ್ರ ಇದ್ದರೆ? ಆಗಲೂ ದಾರಿ ಇದೆ, ಆದರೆ ಕ್ರಮ ಮುಖ್ಯ. ಮೂಲ ಫೋಟೋ ತೆರೆದ ತಕ್ಷಣ, ಏನೂ ಮುಟ್ಟುವ ಮೊದಲೇ, ಇದನ್ನು ಮಾಡಿ:

```
Image > Mode > 16 Bits/Channel
```

ಆಮೇಲೆ ಕರ್ವ್ಸ್. ಮೆಟ್ಟಿಲು ಕಂಡೇ ಕಾಣುತ್ತದೆ, ಗಾಬರಿ ಬೇಡ. ಈಗ ಲೇಯರ್‌ಗಳನ್ನೆಲ್ಲ ಸೇರಿಸಿ ಒಂದು ಹೊಸ ಕಾಪಿ ಮಾಡಿ, ಗಾಸಿಯನ್ ಬ್ಲರ್ ಕೊಡಿ. ಬ್ಲರ್ ಒಂದು ಪಟ್ಟಿಯ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಮಾಸ್ಕ್ ಹಾಕಿ, ಬ್ಲರ್ ಕೆನ್ನೆ, ಹಣೆ ಮೇಲಷ್ಟೇ ಕಾಣುವ ಹಾಗೆ ಮೆತ್ತಗೆ ಬ್ರಷ್ ಆಡಿಸಿ. ಕಣ್ಣು, ತುಟಿ, ಮೂಗಿನ ಅಂಚು ಮುಟ್ಟಬೇಡಿ. ಬ್ಲರ್ ಅಂದರೆ ಸರಾಸರಿ. 100 ಮತ್ತು 104ರ ನಡುವೆ 101.3 ಬಂದರೆ 16 ಬಿಟ್ ಅದನ್ನು ಹೆಚ್ಚುಕಡಿಮೆ ಹಾಗೇ ಇಟ್ಟುಕೊಳ್ಳುತ್ತದೆ. 8 ಬಿಟ್ ಅದನ್ನು 101 ಮಾಡಿಬಿಡುತ್ತದೆ. ಅದರ ಮೇಲೆ ಇನ್ನೊಂದು ಕರ್ವ್ ಬಂದರೆ ಮತ್ತೆ ಪಟ್ಟಿ.

ಬ್ಲರ್ ಆದ ಮೇಲೆ ಚರ್ಮ ಮೇಣದ ಹಾಗೆ ಕಾಣುತ್ತದೆ. ಅದೇ ಲೇಯರ್‌ಗೆ `Add Noise`, 1%, `Gaussian`, `Monochromatic` ಕೊಡಿ. ಈ ಹಂತ ಬಿಡಬೇಡಿ. ಚರ್ಮದ ಸಹಜ ಕಾಳು, ಅಂದರೆ ಗ್ರೇನ್, ಪಟ್ಟಿಯನ್ನು ಮುಚ್ಚಿಡುತ್ತದೆ. ಸ್ಮೂದ್ ಮಾಡಿ ಆ ಕಾಳನ್ನು ನಾವೇ ಅಳಿಸುತ್ತೇವೆ. ಹಾಗಾಗಿಯೇ ಒರಟು ಚರ್ಮಕ್ಕಿಂತ ಜಾಸ್ತಿ ಮೇಕಪ್ ಹಾಕಿದ ಮುಖದಲ್ಲಿ ಪಟ್ಟಿ ಬೇಗ ಎದ್ದು ಕಾಣುತ್ತದೆ.

ಒಂದು ಮೋಸ ಇದೆ, ನನಗೆ ಅರ್ಧ ದಿನ ಹಾಳಾಗಿತ್ತು. ಮೇಲೆ ಟ್ಯಾಬ್‌ನಲ್ಲಿ `RGB/16` ಅಂತಲೇ ಇತ್ತು, ಪಟ್ಟಿ ಮಾತ್ರ ಹೋಗಲಿಲ್ಲ. ನೋಡಿದರೆ ಮುಖ ಒಂದು ಸ್ಮಾರ್ಟ್ ಆಬ್ಜೆಕ್ಟ್ ಒಳಗಿತ್ತು. ಡಬಲ್ ಕ್ಲಿಕ್ ಮಾಡಿ ತೆರೆದರೆ ಒಳಗೆ `RGB/8`. ಹೊರಗಿನ ಫೈಲ್ ಬದಲಾಯಿಸಿದರೆ ಒಳಗಿನದು ತಾನಾಗೇ ಬದಲಾಗುವುದಿಲ್ಲ.

ಪಟ್ಟಿ ನಿಜವೋ ಅಥವಾ ಮಾನಿಟರ್ ಆಟವೋ ಅಂತ ತಿಳಿಯಲು ಜೂಮ್ 100% ಮಾಡಿ ನೋಡಿ. ಸಣ್ಣದಾಗಿ ನೋಡಿದಾಗ ಕಾಣುವುದನ್ನು ನಂಬಬೇಡಿ. ಅನುಮಾನ ಉಳಿದರೆ ಎಲ್ಲಕ್ಕಿಂತ ಮೇಲೆ ಕಾಂಟ್ರಾಸ್ಟ್ ತೀರಾ ಜಾಸ್ತಿ ಇರುವ ಒಂದು ಕರ್ವ್ಸ್ ಲೇಯರ್ ಹಾಕಿ, ಚಾನೆಲ್ಸ್‌ನಲ್ಲಿ ನೀಲಿಯೊಂದನ್ನೇ ನೋಡಿ. ಅಲ್ಲೂ ಅಂಚು ಕಾಣದಿದ್ದರೆ ಫೈಲ್ ಚೆನ್ನಾಗಿದೆ. ಆ ಲೇಯರ್ ಅಳಿಸಲು ಮರೆಯಬೇಡಿ ಮತ್ತೆ!

ಪ್ರಿಂಟ್‌ಗೆ ಜೆಪೆಗ್ ಕೇಳುತ್ತಾರೆ, ಅದು 8 ಬಿಟ್‌ದೇ. ಪರವಾಗಿಲ್ಲ, ಎಳೆದಾಟ ಮುಗಿದ ಮೇಲೆ 8 ಬಿಟ್ ಸಾಕು. ಕ್ವಾಲಿಟಿ ಮಾತ್ರ 12 ಇಡಿ. ಕಡಿಮೆ ಇಟ್ಟರೆ ನೀವು ಹಾಕಿದ ಆ ಸಣ್ಣ ಕಾಳನ್ನು ಅದು ಮೊದಲು ತಿನ್ನುತ್ತದೆ. 16 ಬಿಟ್ ಪಿಎಸ್‌ಡಿ ಬೇರೆ ಇಟ್ಟುಕೊಳ್ಳಿ, ಗಾತ್ರ ಎರಡರಷ್ಟು ಆಗುತ್ತದೆ. ಇನ್ನು ಸ್ಟೇಜ್‌ನ ಗುಲಾಬಿ ಎಲ್‌ಇಡಿ ಬಿದ್ದು ಕೆನ್ನೆಯ ಕೆಂಪು ಚಾನೆಲ್ 255ಕ್ಕೆ ಹೋಗಿ ನಿಂತಿದ್ದರೆ ಜೆಪೆಗ್‌ನಲ್ಲಿ ಎಳೆಯಲು ಏನೂ ಉಳಿದಿಲ್ಲ. ಅಂಥ ಫೋಟೋ ನಾನಾದರೆ ಕಪ್ಪು ಬಿಳುಪು ಮಾಡಿ ಬೇರೆ ಪುಟಕ್ಕೆ ಹಾಕುತ್ತೇನೆ.