ಬರಹಗಾರರಿಗೆ ಸಲಹೆ: ಒಂದು ರೈನ್‌ಕೋಟ್ ಸಾಲಿನ ಕನ್ನಡ

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ಜಾಹೀರಾತು ಬರಹ ಕಲಿಯುತ್ತಿದ್ದೇನೆ. ರೈನ್‌ಕೋಟ್, ಕೊಡೆ, ಟಾರ್ಪಾಲಿನ್ ಮಾಡುವ ಮುಂಬೈ ಕಂಪನಿಯೊಂದರ ಟ್ಯಾಗ್‌ಲೈನ್ ‘ರೇನ್ ಆರ್ ಶೈನ್, ವಿ ಹ್ಯಾವ್ ಗಾಟ್ ಯು ಕವರ್ಡ್’. ಅವರ ಮಾಲು ಮಾರುವ ಶಿವಮೊಗ್ಗದ ಅಂಗಡಿಯವರು ಅದನ್ನು ಕನ್ನಡಕ್ಕೆ ತಂದುಕೊಡಲು ಹೇಳಿದ್ದಾರೆ. ಬಸ್ಸಿನ ಹಿಂಬದಿಗೆ ಬರೆಸಬೇಕು, ಭದ್ರಾವತಿ ಆಕಾಶವಾಣಿಯಲ್ಲೂ ಹೇಳಿಸಬೇಕು. ನನ್ನ ಪ್ರಯತ್ನಗಳು ಇವು. ‘ಮಳೆಯಾಗಲಿ ಬಿಸಿಲಾಗಲಿ, ನಿಮ್ಮನ್ನು ನಾವು ಆವರಿಸಿದ್ದೇವೆ.’ ‘ಮಳೆಯಲ್ಲೂ ಬಿಸಿಲಲ್ಲೂ ನಿಮ್ಮ ರಕ್ಷಣೆ ನಮ್ಮ ಹೊಣೆ.’ ‘ಮಳೆಗೂ ಕವರ್, ಬಿಸಿಲಿಗೂ ಕವರ್, ನಾವು ನಿಮ್ಮ ಲವರ್.’ ಯಾವುದಾದರೂ ನಿಲ್ಲುತ್ತದೆಯೇ? ಅರ್ಥ, ಲಯ, ಶ್ಲೇಷೆ ಮೂರನ್ನೂ ಒಟ್ಟಿಗೆ ಉಳಿಸುವುದು ಹೇಗೆ? ದಾಕ್ಷಿಣ್ಯವಿಲ್ಲದೆ ತಿಳಿಸಿ.

ದಾಕ್ಷಿಣ್ಯ ಬೇಡವೆಂದು ನೀವೇ ಬರೆದಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ: ಮೂರೂ ನಿಲ್ಲುವುದಿಲ್ಲ. ಆದರೆ ಮೂರೂ ಬೇರೆ ಬೇರೆ ಕಾರಣಕ್ಕೆ ಬಿದ್ದಿವೆ.

ಮೊದಲನೆಯದರಲ್ಲಿ ನೀವು ನಿಘಂಟನ್ನು ನಂಬಿದ್ದೀರಿ. ನಮ್ಮ ಕಡೆ ಆವರಿಸುವುದು ಮಂಜು, ಕತ್ತಲೆ, ದುಃಖ. ಆಗುಂಬೆ ಘಾಟಿಯಲ್ಲಿ ದಾರಿ ಕಾಣದಂತೆ ಮಂಜು ಆವರಿಸಿದಾಗ ನೆಮ್ಮದಿ ಪಡುವ ಚಾಲಕನನ್ನು ನಾನು ಕಂಡಿಲ್ಲ. ‘ಮುಚ್ಚುತ್ತೇವೆ’ ಎಂದು ಬರೆಯದಿದ್ದುದಕ್ಕೆ ಮಾತ್ರ ನಿಮಗೆ ಶರಣು. ಹಾಗೆ ಬರೆದಿದ್ದರೆ ಗಿರಾಕಿಗೆ ಅಂಗಡಿ ಮುಚ್ಚುವುದು ಅಥವಾ ಮಣ್ಣು ಮುಚ್ಚುವುದು ನೆನಪಾಗುತ್ತಿತ್ತು.

ಎರಡನೆಯದರಲ್ಲಿ ತಪ್ಪು ಹುಡುಕುವುದು ಕಷ್ಟ, ನೆನಪಿಟ್ಟುಕೊಳ್ಳುವುದು ಇನ್ನೂ ಕಷ್ಟ. ಈ ಸಾಲನ್ನು ಪೊಲೀಸ್ ಠಾಣೆಯ ಗೋಡೆಗೂ ವಿಮಾ ಕಚೇರಿಯ ಕ್ಯಾಲೆಂಡರಿಗೂ ಅಕ್ಷರ ಬದಲಿಸದೆ ಅಂಟಿಸಬಹುದು. ಇಂಗ್ಲಿಷಿನಲ್ಲಿದ್ದ ಆಟವೂ ಪೂರ್ತಿ ಹೋಗಿದೆ.

ಮೂರನೆಯದು ತಮಾಷೆಯಾಗಿದೆ, ಆದರೆ ಆ ‘ಕವರ್’ ಈಗ ಇಂಗ್ಲಿಷಿನ ಕವರ್ ಆಗಿ ಉಳಿದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಿಂತು ‘ಒಂದು ಕವರ್ ಕೊಡಿ’ ಎಂದರೆ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ, ಅಂಚೆ ಕಚೇರಿಯಲ್ಲಿ ಲಕೋಟೆ ಕೊಡುತ್ತಾರೆ. ಇನ್ನು ಕೆಲವು ಕಡೆ ‘ಕವರ್ ಕೊಟ್ಟರು’ ಎಂದರೆ ಏನರ್ಥ ಎಂದು ನಿಮಗೂ ಗೊತ್ತು. ಹೊಣೆ ಹೊರುವುದು ಎಂಬ ಅರ್ಥ ಆ ಪದದ ಜೊತೆ ಕನ್ನಡಕ್ಕೆ ಬಂದೇ ಇಲ್ಲ. ಬೇಕಾದ ಆ ಎರಡನೆಯ ಅರ್ಥವೇ ಇಲ್ಲದ ಪದದಿಂದ ಶ್ಲೇಷೆ ಹುಟ್ಟುವುದಿಲ್ಲ, ಪ್ರಾಸ ಮಾತ್ರ ಹುಟ್ಟುತ್ತದೆ. ನಿಮಗೆ ಆದದ್ದು ಅದೇ.

ಈಗ ಮೂಲ ಸಾಲನ್ನು ಬಿಚ್ಚಿ ನೋಡೋಣ. ‘ರೇನ್ ಆರ್ ಶೈನ್’ ಎಂಬುದು ಹವಾಮಾನದ ಮಾತಲ್ಲ, ಏನೇ ಬಂದರೂ ಸರಿ ಎಂಬರ್ಥದ ನುಡಿಗಟ್ಟು. ರೈನ್‌ಕೋಟ್ ಮಾರುವವರು ಅದನ್ನು ಬಳಸಿದ್ದರಿಂದ ನಿಜವಾದ ಮಳೆಯೂ ಅದರೊಳಗೆ ಸೇರಿಕೊಂಡಿದೆ. ‘ಕವರ್ಡ್’ ಎಂಬುದರಲ್ಲಿ ಮೈಗೆ ಹೊದಿಕೆ, ಮನಸ್ಸಿಗೆ ನಿಶ್ಚಿಂತೆ ಎಂಬ ಎರಡು ಅರ್ಥಗಳಿವೆ. ಸಾಲಿನ ಗುರಿ ಈ ಎರಡು ಅರ್ಥಗಳ ಜೋಡಿ. ಕಂಪನಿಯವರು ನಿಮ್ಮಿಂದ ನಿರೀಕ್ಷಿಸುವುದೂ ಆ ಜೋಡಿಯನ್ನೇ. ಕವರ್ ಎಂಬ ಪದವನ್ನಾಗಲೀ ಬಿಸಿಲನ್ನಾಗಲೀ ಅಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿರುತ್ತದೆ: ಹೊದಿಕೆ, ನಿಶ್ಚಿಂತೆ ಎರಡನ್ನೂ ಹೊತ್ತ ಪದ ಕನ್ನಡದಲ್ಲಿ ತಾನಾಗಿಯೇ ಯಾವುದಿದೆ?

ಮಳೆಯಿಂದ ತಪ್ಪಿಸಿಕೊಳ್ಳುವುದಕ್ಕೆ ಸಂಬಂಧಿಸಿದ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೂರು, ಆಸರೆ, ನೆರಳು, ಕೊಡೆ, ಕಂಬಳಿಕೊಪ್ಪೆ, ಗೊರಬು, ಮರೆ. ಒಂದೊಂದನ್ನೂ ಜೋರಾಗಿ ಹೇಳಿ, ಅದಕ್ಕೆ ಇನ್ನೊಂದು ಅರ್ಥ ಇದೆಯೇ ಎಂದು ಕೇಳಿಸಿಕೊಳ್ಳಿ. ಎರಡು ಪದಗಳು ಕೂಡಲೇ ತಲೆ ಎತ್ತುತ್ತವೆ.

ಒಂದು, ಕೊಡೆ. ಛತ್ರಿಯೂ ಹೌದು, ‘ಕೊಡುವುದಿಲ್ಲ’ ಎಂಬ ಹಳೆಯ ನಿಷೇಧರೂಪವೂ ಹೌದು. ‘ನಾನು ಕೊಡೆ, ಮಳೆಗೆ ನಿಮ್ಮನ್ನು ಬಿಟ್ಟುಕೊಡೆ’ ಎಂದು ಕೊಡೆಯೇ ಮಾತನಾಡಿದಂತೆ ಬರೆಯಬಹುದು. ನನಗೆ ಇದು ಬಹಳ ಇಷ್ಟವಾಯಿತು. ಆದರೂ ಕೈಬಿಡುತ್ತೇನೆ. ಅಂಗಡಿಯವರು ರೈನ್‌ಕೋಟನ್ನೂ ಟಾರ್ಪಾಲಿನ್ನನ್ನೂ ಮಾರುತ್ತಾರೆ, ಈ ಸಾಲು ಕೊಡೆಗೆ ಮಾತ್ರ ಹೊಂದುತ್ತದೆ. ಅದಕ್ಕಿಂತ ಮುಖ್ಯವಾಗಿ, ಚೌಕಾಸಿ ಮಾಡಲು ಬಂದ ಗಿರಾಕಿಯ ತಲೆಯ ಮೇಲೆ ‘ನಾನು ಕೊಡೆ’ ಎಂಬ ಫಲಕ ತೂಗುತ್ತಿದ್ದರೆ ಊರಿನವರು ನಗುವುದು ಯಾರನ್ನು ನೋಡಿ? ಶ್ಲೇಷೆಯ ಎರಡೂ ಅರ್ಥಗಳು ಮಾರುವವನ ಪರವಾಗಿಯೇ ಇರಬೇಕು. ಒಂದು ಅರ್ಥ ಎದುರು ಪಕ್ಷಕ್ಕೆ ಹೋದರೆ ಸಾಲು ಎಷ್ಟೇ ಚೆಂದವಿದ್ದರೂ ಬಿಡಬೇಕು.

ಇನ್ನೊಂದು, ಮರೆ. ಮಳೆ ಬಂದಾಗ ‘ಮರದ ಮರೆಯಲ್ಲಿ ನಿಂತೆ’ ಎನ್ನುತ್ತೇವೆ. ಅದೇ ಮರೆ ಕ್ರಿಯಾಪದವಾದರೆ ನೆನಪಿನಿಂದ ಬಿಡುವುದು. ಮೈಗೆ ಹೊದಿಕೆ ಒಂದು ಅರ್ಥದಲ್ಲಿ, ಮನಸ್ಸಿಗೆ ನಿಶ್ಚಿಂತೆ ಇನ್ನೊಂದರಲ್ಲಿ. ಇಂಗ್ಲಿಷಿನ ಜೋಡಿ ಕನ್ನಡದ ಒಂದೇ ಪದದೊಳಗೆ ಮೊದಲಿನಿಂದಲೂ ಕುಳಿತಿದೆ. ಮರೆ ಎಂದರೆ ಬಚ್ಚಿಡುವುದು, ಗುಟ್ಟು ಎಂಬ ನೆರಳೂ ಇದೆಯಲ್ಲ ಎಂದು ನೀವು ಕೇಳಬಹುದು. ‘ಮಳೆಗೆ’ ಎಂಬುದನ್ನು ಮುಂದೆ ಇಟ್ಟರೆ ಆ ನೆರಳು ಸರಿದುಹೋಗುತ್ತದೆ.

ಹಾಗಾದರೆ ‘ಮಳೆಗೆ ಮರೆ, ಚಿಂತೆ ಮರೆ’. ಚಿಕ್ಕದು, ಚುರುಕಾದದ್ದು. ಇಲ್ಲಿಗೇ ನಿಲ್ಲಿಸಿ ಕಳುಹಿಸಿಬಿಡುವವರು ಹಲವರಿದ್ದಾರೆ. ಆದರೆ ಕೊನೆಯ ‘ಮರೆ’ ಏಕವಚನದ ಆಜ್ಞೆ. ಗಾದೆಯಲ್ಲಿ, ಪದ್ಯದಲ್ಲಿ ಅದು ನಡೆಯುತ್ತದೆ. ಚಿಕ್ಕ ಹುಡುಗರನ್ನೂ ‘ಬನ್ನಿ, ಕೂತುಕೊಳ್ಳಿ’ ಎನ್ನುವ ಮಲೆನಾಡಿನ ಮನೆಗಳಲ್ಲಿ, ಕಾಸು ಕೊಟ್ಟು ಕೊಳ್ಳಲು ಬಂದ ಹಿರಿಯರಿಗೆ ಅಂಗಡಿಯ ಫಲಕ ‘ಮರೆ’ ಎನ್ನುವುದು ಸರಿ ಕಾಣುವುದಿಲ್ಲ. ಇಂಗ್ಲಿಷಿನ ‘ಯು’ ಈ ತೊಡಕನ್ನು ಕಂಡೇ ಇಲ್ಲ. ಅಲ್ಲಿಂದ ಬರುವ ಪ್ರತಿಯೊಂದು ಸಾಲಿಗೂ ಇಲ್ಲಿ ಗೌರವದ ಮಟ್ಟವನ್ನು ನಾವೇ ನಿರ್ಧರಿಸಬೇಕು.

ಬಹುವಚನ ಮಾಡಿದರೆ ‘ಮರೆಯಿರಿ’. ಮೊದಲ ಅರ್ಧ ಹಾಗೆಯೇ ಉಳಿದರೆ ತಕ್ಕಡಿ ವಾಲುತ್ತದೆ, ಆದ್ದರಿಂದ ಅದಕ್ಕೂ ಒಂದು ಬಾಲ ಸೇರಿಸುತ್ತೇನೆ:

ಮಳೆಗೆ ಮರೆಯಿದೆ, ಚಿಂತೆ ಮರೆಯಿರಿ.

ಇದನ್ನು ಬೆರಳ ಮೇಲೆ ಎಣಿಸಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರವಿರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ‘ಮಳೆಗೆ’ ಮೂರು, ‘ಮರೆಯಿದೆ’ ನಾಲ್ಕು. ‘ಚಿಂತೆ’ಯಲ್ಲಿ ಚಿಂ ಎರಡು, ತೆ ಒಂದು, ಒಟ್ಟು ಮೂರು. ‘ಮರೆಯಿರಿ’ ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು: ಭಾಮಿನಿ ಷಟ್ಪದಿಯ ನಡೆ. ಗಮಕ ಕೇಳಿ ಬೆಳೆದ, ತಾಳಮದ್ದಳೆಯಲ್ಲಿ ರಾತ್ರಿ ಕಳೆದ ನಮ್ಮ ಜನರ ಕಿವಿಗೆ ಈ ನಡೆ ಯಾರೂ ಹೇಳಿಕೊಡದೆ ಪರಿಚಿತ. ಇಂಗ್ಲಿಷ್ ಸಾಲಿಗೆ ಲಯ ಬರುವುದು ರೇನ್, ಶೈನ್, ಕವರ್ಡ್ ಎಂದು ಮೂರು ಕಡೆ ಬೀಳುವ ಒತ್ತಿನಿಂದ. ಕನ್ನಡದಲ್ಲಿ ಅಂಥ ಒತ್ತು ಇಲ್ಲ. ಮಾತ್ರೆಯ ಗುಂಪುಗಳಿಂದ ಲಯ ಬರುತ್ತದೆ. ನಿಮ್ಮ ಎರಡನೆಯ ಸಾಲನ್ನು ಹೀಗೆ ಎಣಿಸಿ ನೋಡಿ, ಅದು ಎಲ್ಲಿ ಎಡವುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಅಂತ್ಯಪ್ರಾಸದ ಬಗ್ಗೆ ಒಂದು ಮಾತು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಕೊಡುತ್ತೇವೆ, ಇಡುತ್ತೇವೆ, ನೋಡುತ್ತೇವೆ’ ಎಂದು ಯಾರು ಬೇಕಾದರೂ ಪ್ರಾಸ ಕಟ್ಟಬಹುದು. ಅಷ್ಟು ಸುಲಭವಾಗಿ ಸಿಗುವುದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬಲ್ಲಿ ಕೊನೆಗೆ ಕ್ರಿಯಾಪದವೇ ಇಲ್ಲ, ಕೆಸರು ಮೊಸರುಗಳು ಒಳಗೊಳಗೇ ಒಂದನ್ನೊಂದು ಕೂಗುತ್ತವೆ. ನಮ್ಮ ಸಾಲಿನಲ್ಲಿ ಆ ಕೆಲಸವನ್ನು ‘ಮರೆಯಿದೆ’, ‘ಮರೆಯಿರಿ’ ಮಾಡುತ್ತವೆ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ನಾಮಪದ ಕ್ರಿಯಾಪದವಾಗುತ್ತದೆ. ಓದುಗರಿಗೆ ಆಟ ತಿಳಿಯುವುದು ಆ ಕೊನೆಯ ಅಕ್ಷರದಲ್ಲಿ, ಇಂಗ್ಲಿಷಿನಲ್ಲೂ ಅದು ಕೊನೆಯ ಪದದಲ್ಲೇ ತಿಳಿಯುತ್ತಿತ್ತು.

ಬಸ್ಸಿನ ಹಿಂಬದಿಗೆ ಎಂದಿರಲ್ಲ, ಪೇಂಟರನ್ನೂ ನೆನೆಯಿರಿ. ಈ ಸಾಲಿನಲ್ಲಿ ಒಂದೂ ಒತ್ತಕ್ಷರವಿಲ್ಲ. ‘ನಿಮ್ಮನ್ನು’, ‘ಆವರಿಸಿದ್ದೇವೆ’, ‘ರಕ್ಷಣೆ’ ಬರೆಯುವಾಗ ಸಾಲಿನ ಕೆಳಗೆ ಒತ್ತಿಗೆ ಜಾಗ ಬಿಡಬೇಕು, ಆಗ ಮುಖ್ಯ ಅಕ್ಷರ ಸಣ್ಣದಾಗುತ್ತದೆ. ಒತ್ತಿಲ್ಲದ ಸಾಲನ್ನು ಅದೇ ಪಟ್ಟಿಯಲ್ಲಿ ದಪ್ಪಗೆ ಬರೆಯಬಹುದು, ಹಿಂದೆ ಬರುವ ಬೈಕಿನವರಿಗೆ ಮಳೆಯಲ್ಲೂ ಕಾಣುತ್ತದೆ. ಆಕಾಶವಾಣಿಗೆ ಬೇರೆ ಎಚ್ಚರಿಕೆ ಬೇಕು. ಓದುವವರ ನಾಲಗೆಯಲ್ಲಿ ಳಕಾರ ಲಕಾರವಾದರೆ ‘ಮಲೆಗೆ ಮರೆಯಿದೆ’ ಎಂದಾಗಿ ನಾವು ಬೆಟ್ಟಕ್ಕೇ ರೈನ್‌ಕೋಟ್ ತೊಡಿಸಿದಂತಾಗುತ್ತದೆ. ಧ್ವನಿಮುದ್ರಣಕ್ಕೆ ನೀವೂ ಹೋಗಿ. ಎರಡು ಅರ್ಧಗಳ ನಡುವೆ ಒಂದು ಉಸಿರು ಬಿಡಿಸಿ, ಇಲ್ಲದಿದ್ದರೆ ಎರಡನೆಯ ಮರೆ ಮೊದಲನೆಯದರ ಪುನರುಕ್ತಿಯಂತೆ ಕೇಳುತ್ತದೆ.

ಮುಂಬೈಗೆ ಕಳುಹಿಸುವಾಗ ಸಾಲನ್ನು ಮಾತ್ರ ಕಳುಹಿಸಬೇಡಿ. ಅಲ್ಲಿ ಕನ್ನಡ ಬಲ್ಲವರು ಇರಲಿಕ್ಕಿಲ್ಲ. ಕನ್ನಡ ಸಾಲು, ಅದರ ಉಚ್ಚಾರಣೆ, ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದ ರೂಪ, ಕೊನೆಗೆ ಶ್ಲೇಷೆ ಎಲ್ಲಿದೆ ಎಂಬ ಎರಡು ವಾಕ್ಯದ ಟಿಪ್ಪಣಿ, ಇವು ನಾಲ್ಕೂ ಇರಲಿ. ಪದಕ್ಕೆ ಪದ ತಿರುಗಿಸುವಾಗ ಅಂದಗೊಳಿಸುವ ಆಸೆ ಬೇಡ. ‘ಮಳೆಗೆ ಅಡ್ಡ ಇದೆ, ಚಿಂತೆಯನ್ನು ನೆನಪಿನಿಂದ ಬಿಡಿ’ ಎಂಬಷ್ಟು ಒಣಗಿಯೇ ಇರಲಿ, ಚೆಂದವನ್ನು ಟಿಪ್ಪಣಿ ಹೇಳಲಿ. ಜೊತೆಗೆ ಆಟವಿಲ್ಲದ ಆದರೆ ತಪ್ಪೂ ಇಲ್ಲದ ಒಂದು ಸಾಲನ್ನು ಎರಡನೆಯ ಆಯ್ಕೆಯಾಗಿ ಇಡಿ. ‘ಮಳೆಗೂ ಸೈ, ಬಿಸಿಲಿಗೂ ಸೈ’ ಸಾಕು.

‘ಶೈನ್ ಎಲ್ಲಿ ಹೋಯಿತು’ ಎಂದು ಅವರು ಕೇಳಿಯೇ ಕೇಳುತ್ತಾರೆ. ‘ಬಿಸಿಲಿಗೆ ಮರೆಯಿದೆ’ ಎಂದು ತುರುಕಿದರೆ ಮೂರರ ಜಾಗದಲ್ಲಿ ನಾಲ್ಕು ಮಾತ್ರೆ ಬಂದು ನಡೆ ಕುಂಟುತ್ತದೆ. ಏನೇ ಬಂದರೂ ಎಂಬ ಭಾವವನ್ನು ‘ಚಿಂತೆ’ ಹೊತ್ತಿದೆ ಎಂದು ಬರೆಯಿರಿ. ಜೊತೆಗೆ ಮಾರುಕಟ್ಟೆಯ ಲೆಕ್ಕವನ್ನೂ ಕೊಡಿ: ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ತೀರ್ಥಹಳ್ಳಿ ಹೊಸನಗರಗಳಲ್ಲಿ ರೈನ್‌ಕೋಟ್ ಕೊಳ್ಳುವವರು ಬಿಸಿಲಿನ ವಿಚಾರ ಕೇಳುವುದಿಲ್ಲ. ಆದರೆ ಒಂದು ಮಿತಿಯನ್ನು ನೀವೇ ಮೊದಲು ಹೇಳಿಬಿಡಿ. ಅದೇ ಜಿಲ್ಲೆಯ ಶಿಕಾರಿಪುರದಲ್ಲಿ ಅದರ ಕಾಲು ಭಾಗವೂ ಸುರಿಯುವುದಿಲ್ಲ. ಅಲ್ಲಿನ ಬಸ್ಸುಗಳಿಗೆ ಎರಡನೆಯ ಆಯ್ಕೆಯೇ ಮೇಲು.

ಟಾರ್ಪಾಲಿನ್ನಿಗೆ ಮಾತ್ರ ಇವೆರಡೂ ಪೂರ್ತಿ ಹೊಂದುವುದಿಲ್ಲ. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರಡಿ, ಪಶ್ಚಿಮದಲ್ಲಿ ಮೋಡ ಕಂಡೊಡನೆ ಓಡುವವರಿಗೆ ಬೇಕಾದ ಮಾತೇ ಬೇರೆ. ಅವರಿಗೆ ಬಿಸಿಲು ಬೇಕು, ಮಳೆ ಬೇಡ. ಆ ಸಾಲನ್ನು ನೀವೇ ಬರೆದು, ಮಾತ್ರೆ ಎಣಿಸಿ, ಒಣ ಇಂಗ್ಲಿಷ್ ರೂಪದೊಂದಿಗೆ ಕಳುಹಿಸಿ. ನಾನು ಓದುತ್ತೇನೆ.