ಸಸ್ಯಾಹಾರಿಗೆ ಕ್ರಿಯೇಟಿನ್: ರಕ್ತಪರೀಕ್ಷೆಯ ವರದಿ ಹೆದರಿಸಿದಾಗ

ಪ್ರಶ್ನೆ: ನನಗೆ 34 ವರ್ಷ, ತೂಕ 68 ಕೆಜಿ. ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನಲ್ಲ. ಒಂದೂವರೆ ವರ್ಷದಿಂದ ವಾರಕ್ಕೆ ಮೂರು ದಿನ ಜಿಮ್‌ನಲ್ಲಿ ವೇಟ್ಸ್ ಎತ್ತುತ್ತೇನೆ, ಸ್ಪರ್ಧೆಗಲ್ಲ, ನನ್ನ ಖುಷಿಗೆ. ಎರಡು ತಿಂಗಳಿಂದ ದಿನಕ್ಕೆ 5 ಗ್ರಾಂ ಕ್ರಿಯೇಟಿನ್ ತಗೊಳ್ತಿದ್ದೇನೆ. ಮೊನ್ನೆ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.3 ಬಂತು, ಹೋದ ವರ್ಷ 1.0 ಇತ್ತು. ಕಿಡ್ನಿ ಹಾಳಾಗುತ್ತೆ, ಮೊದಲು ನಿಲ್ಲಿಸು ಅಂತ ಮನೆಯಲ್ಲಿ ಒಂದೇ ಗಲಾಟೆ. ನನ್ನಂಥವರಿಗೆ ಇದರಿಂದ ನಿಜವಾಗ್ಲೂ ಉಪಯೋಗ ಇದೆಯಾ? ನಿಲ್ಲಿಸಬೇಕಾ?

ಉತ್ತರ: ಮೊದಲು ಕಿಡ್ನಿಯ ಮಾತು ಮುಗಿಸೋಣ. ಆ ಭಯ ಹೋಗದೆ ಉಳಿದ ಮಾತು ತಲೆಗೆ ಹತ್ತುವುದಿಲ್ಲ.

ಕ್ರಿಯೇಟಿನ್ ಮತ್ತು ಕ್ರಿಯೇಟಿನಿನ್ ಬೇರೆ ಬೇರೆ ವಸ್ತುಗಳು. ಹೆಸರು ಒಂದೇ ಥರ ಕೇಳಿಸುವುದರಿಂದಲೇ ಅರ್ಧ ಗೊಂದಲ. ಕ್ರಿಯೇಟಿನ್ ಸ್ನಾಯುವಿನಲ್ಲಿ ಇರುವ ಸಂಗ್ರಹ. ಅದರಲ್ಲಿ ದಿನಕ್ಕೆ ನೂರಕ್ಕೆ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ ತಾನಾಗಿಯೇ ಕ್ರಿಯೇಟಿನಿನ್ ಆಗಿ ಬದಲಾಗುತ್ತದೆ. ಅದು ಕಸ. ರಕ್ತಕ್ಕೆ ಸೇರುತ್ತದೆ, ಕಿಡ್ನಿ ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ರಕ್ತದಲ್ಲಿ ಈ ಕಸ ಎಷ್ಟು ಉಳಿದಿದೆ ಎಂದು ನೋಡಿ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಲ್ಯಾಬಿನವರು ಅಂದಾಜು ಮಾಡುತ್ತಾರೆ.

ಬಚ್ಚಲನ್ನು ನೆನಪಿಸಿಕೊಳ್ಳಿ. ನೀರು ನಿಂತಿದೆ ಅಂದರೆ ಮೋರಿ ಕಟ್ಟಿಕೊಂಡಿರಬಹುದು. ಇಲ್ಲವೇ ಮೋರಿ ಸರಿಯಾಗಿಯೇ ಇದ್ದು, ಯಾರೋ ನಲ್ಲಿಯನ್ನು ಜಾಸ್ತಿ ತಿರುಗಿಸಿರಬಹುದು. ನೀವು ಎರಡು ತಿಂಗಳಿಂದ ತಿರುಗಿಸಿರುವುದು ನಲ್ಲಿಯನ್ನು. ಸ್ನಾಯುವಿನಲ್ಲಿ ಸಂಗ್ರಹ ಹೆಚ್ಚಿತು, ಅದರಿಂದ ಹುಟ್ಟುವ ಕಸವೂ ಹೆಚ್ಚಿತು. ರಕ್ತಪರೀಕ್ಷೆಗೆ ಕಾಣುವುದು ನಿಂತ ನೀರಿನ ಮಟ್ಟ ಮಾತ್ರ. ನಲ್ಲಿ ಅದಕ್ಕೆ ಕಾಣುವುದಿಲ್ಲ.

ನಿಮ್ಮದೇ ಲೆಕ್ಕ ನೋಡಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವ 2021ರ ಸೂತ್ರಕ್ಕೆ 34 ವರ್ಷದ ಗಂಡಸು, ಕ್ರಿಯೇಟಿನಿನ್ 1.0 ಎಂದು ಹಾಕಿದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ವೇಗದ ಅಂದಾಜು, ಸುಮಾರು 101 ಬರುತ್ತದೆ. 1.3 ಎಂದು ಹಾಕಿದರೆ ಸುಮಾರು 74. ಮೇಲ್ನೋಟಕ್ಕೆ ಕಿಡ್ನಿಯ ಕಾಲು ಭಾಗ ಕೆಲಸ ನಿಂತಂತೆ ಕಾಣುತ್ತದೆ. ಆದರೆ ಸೂತ್ರಕ್ಕೆ ಗೊತ್ತಿರುವುದು ನಿಮ್ಮ ವಯಸ್ಸು, ನೀವು ಗಂಡೋ ಹೆಣ್ಣೋ ಎಂಬುದು, ಆ ಒಂದು ಸಂಖ್ಯೆ, ಇಷ್ಟೇ. ನೀವು ಕ್ರಿಯೇಟಿನ್ ಕುಡಿಯುತ್ತೀರಿ ಎಂದು ಅದಕ್ಕೆ ಯಾರೂ ಹೇಳಿಲ್ಲ. ಹಿಂದಿನ ದಿನ ಸ್ಕ್ವಾಟ್ ಮಾಡಿ, ನೀರು ಕಡಿಮೆ ಕುಡಿದು ರಕ್ತ ಕೊಟ್ಟಿದ್ದರೆ ಅದೂ ಸಂಖ್ಯೆಯನ್ನು ಸ್ವಲ್ಪ ಮೇಲೆ ತಳ್ಳಿರಬಹುದು. ಸಸ್ಯಾಹಾರಿಗಳ ಕ್ರಿಯೇಟಿನಿನ್ ಸಾಮಾನ್ಯವಾಗಿ ಕೆಳಮಟ್ಟದಿಂದಲೇ ಶುರುವಾಗುತ್ತದೆ. ಹಾಗಾಗಿ ಏರಿಕೆ ಇನ್ನೂ ದೊಡ್ಡದಾಗಿ ಕಣ್ಣಿಗೆ ಹೊಡೆಯುತ್ತದೆ.

ಹಾಗಂತ "ಏನೂ ಆಗಿಲ್ಲ ಬಿಡಿ" ಎಂದು ನಾನು ಹೇಳುವುದಿಲ್ಲ. ಕಾಗದ ನೋಡಿ ಕಿಡ್ನಿ ಕೆಟ್ಟಿದೆ ಎನ್ನುವುದು ಎಷ್ಟು ತಪ್ಪೋ, ಕ್ರಿಯೇಟಿನ್ ತಾನೇ ಕಾರಣ ಎಂದು ಸುಮ್ನೆ ಕೂರುವುದೂ ಅಷ್ಟೇ ತಪ್ಪು. ಇದನ್ನು ಬಿಡಿಸಿ ನೋಡುವ ದಾರಿ ಇದೆ. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಿ. ಇದನ್ನು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ತಯಾರಿಸುತ್ತವೆ. ನೀವು ಕ್ರಿಯೇಟಿನ್ ತಗೊಂಡರೂ ಬಿಟ್ಟರೂ ಇದರ ಉತ್ಪತ್ತಿ ಬದಲಾಗುವುದಿಲ್ಲ. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂಬ ಪರೀಕ್ಷೆಯೂ ಬೇಕು. ವರದಿಯಲ್ಲಿ ಅದು ಆಲ್ಬುಮಿನ್–ಕ್ರಿಯೇಟಿನಿನ್ ಅನುಪಾತ ಎಂದಿರುತ್ತದೆ. ಪರೀಕ್ಷೆಗೆ ಮುಂಚಿನ ಎರಡು ದಿನ ಭಾರ ಎತ್ತಬೇಡಿ. ಜೋರು ವ್ಯಾಯಾಮದ ನಂತರ ಮೂತ್ರದಲ್ಲಿ ಆಲ್ಬುಮಿನ್ ತಾತ್ಕಾಲಿಕವಾಗಿ ಹೆಚ್ಚುತ್ತದೆ, ಸುಮ್ಮನೆ ಇನ್ನೊಂದು ಹೆದರಿಕೆ ಆಗುತ್ತೆ. ನೀರು ಎಂದಿನಂತೆ ಕುಡಿಯಿರಿ.

ಸಿಸ್ಟಾಟಿನ್‌ನಿಂದ ಲೆಕ್ಕ ಹಾಕಿದ ಇಜಿಎಫ್‌ಆರ್ 90ರ ಮೇಲಿದ್ದು, ಮೂತ್ರದ ಅನುಪಾತ 30ಕ್ಕಿಂತ ಕೆಳಗಿದ್ದರೆ, ಏರಿದ್ದು ನಲ್ಲಿ, ಕಟ್ಟಿದ್ದು ಮೋರಿಯಲ್ಲ. ಸಿಸ್ಟಾಟಿನ್ ಲೆಕ್ಕವೂ ಕೆಳಗೆ ಬಂದರೆ, ಅಥವಾ ಆಲ್ಬುಮಿನ್ ಸೋರುತ್ತಿದ್ದರೆ, ಡಬ್ಬಿ ಮುಚ್ಚಿಟ್ಟು ಕಿಡ್ನಿ ತಜ್ಞರನ್ನು ನೋಡಿ. ಥೈರಾಯ್ಡ್ ಏರುಪೇರು ಮತ್ತು ಸ್ಟೀರಾಯ್ಡ್ ಔಷಧಿಗಳು ಸಿಸ್ಟಾಟಿನ್ ಅನ್ನು ಅಲುಗಾಡಿಸುತ್ತವೆ, ಅಂಥದ್ದೇನಾದರೂ ಇದ್ದರೆ ಮೊದಲೇ ಹೇಳಿ. ಸಿಸ್ಟಾಟಿನ್ ಪರೀಕ್ಷೆ ಸಿಗದಿದ್ದರೆ ಹಳೆಯ ದಾರಿ: ನಾಲ್ಕರಿಂದ ಆರು ವಾರ ಕ್ರಿಯೇಟಿನ್ ನಿಲ್ಲಿಸಿ, ಮತ್ತೆ ಕ್ರಿಯೇಟಿನಿನ್ ನೋಡಿ. 1.0ರ ಹತ್ತಿರ ಇಳಿದರೆ ಉತ್ತರ ಸಿಕ್ಕಿತು. ಇಳಿಯದಿದ್ದರೆ ಕಾರಣ ಬೇರೆ ಇದೆ, ಹುಡುಕಬೇಕು.

ಇಷ್ಟೆಲ್ಲ ಧೈರ್ಯವಾಗಿ ಹೇಳಲು ಕಾರಣವಿದೆ. ಕಿಡ್ನಿ ಸರಿಯಿರುವ ಜನರ ಮೇಲೆ ಈ ಪುಡಿಯ ಅಧ್ಯಯನ 1990ರ ದಶಕದಿಂದ ನಡೆಯುತ್ತಲೇ ಇದೆ. ದಿನಕ್ಕೆ 3ರಿಂದ 5 ಗ್ರಾಂ ಪ್ರಮಾಣದಲ್ಲಿ ಸೋಸುವ ಶಕ್ತಿ ಕುಂದಿದ್ದು ಕಂಡುಬಂದಿಲ್ಲ. ಆದರೆ ಈಗಾಗಲೇ ಕಿಡ್ನಿ ಕಾಯಿಲೆ ಇರುವವರು, ಒಂದೇ ಕಿಡ್ನಿ ಇರುವವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ದಿನವೂ ನೋವಿನ ಮಾತ್ರೆ ನುಂಗುವವರು, ಗರ್ಭಿಣಿಯರು ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳಬಾರದು. ಅವರು ತಮ್ಮ ಡಾಕ್ಟರನ್ನು ಕೇಳದೆ ಶುರು ಮಾಡುವುದು ಬೇಡ.

ಇನ್ನು ಉಪಯೋಗ. ಈ ವಿಷಯದಲ್ಲಿ ಸಸ್ಯಾಹಾರಿಯಾಗಿರುವುದೇ ನಿಮಗೆ ಲಾಭ.

ಕ್ರಿಯೇಟಿನ್ ಅನ್ನು ನಮ್ಮ ಕಿಡ್ನಿ ಮತ್ತು ಲಿವರ್ ಸೇರಿ ಮೂರು ಅಮೈನೋ ಆಮ್ಲಗಳಿಂದ ತಯಾರಿಸುತ್ತವೆ, ದಿನಕ್ಕೆ ಸುಮಾರು 1 ಗ್ರಾಂ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಇನ್ನೊಂದು ಗ್ರಾಂ ಆಸುಪಾಸು ಸಿಗುತ್ತದೆ. ಹಾಲಿನಲ್ಲಿ ಇರುವುದು ತೀರಾ ಕಡಿಮೆ, ಕಾಳು ತರಕಾರಿಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮಾಂಸಾಹಾರಿಗಳ ಸ್ನಾಯುವಿನಲ್ಲೇ ತುಂಬಬಹುದಾದ ಜಾಗದ ನೂರಕ್ಕೆ 60ರಿಂದ 80 ಪಾಲು ಮಾತ್ರ ತುಂಬಿರುತ್ತದೆ. ಸಸ್ಯಾಹಾರಿಗಳದ್ದು ಅದಕ್ಕಿಂತ ಕೆಳಗೆ. ಇದು ಕೊರತೆಯ ಕಾಯಿಲೆಯಲ್ಲ, ನೀವು ಆರೋಗ್ಯವಾಗಿಯೇ ಇದ್ದೀರಿ. ಜಾಗ ಖಾಲಿ ಇದೆ, ಅಷ್ಟೇ. ಖಾಲಿ ಜಾಗ ಹೆಚ್ಚಿದ್ದವರಲ್ಲೇ ಪುಡಿ ಹೆಚ್ಚು ಕೆಲಸ ಮಾಡುತ್ತದೆ ಎಂದು 1992ರಲ್ಲೇ ಗೊತ್ತಾಗಿತ್ತು. 2003ರಲ್ಲಿ ಎಂಟು ವಾರ ವೇಟ್ ಟ್ರೇನಿಂಗ್ ಜೊತೆ ಕ್ರಿಯೇಟಿನ್ ಕೊಟ್ಟು ನೋಡಿದಾಗ, ಸ್ನಾಯುವಿನ ಕ್ರಿಯೇಟಿನ್ ಸಂಗ್ರಹ ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಲ್ಲಿ ಜಾಸ್ತಿ ಏರಿತು. ಆ ಅಧ್ಯಯನ ಚಿಕ್ಕದು, ಎಲ್ಲ ಅಧ್ಯಯನಗಳೂ ಅಷ್ಟು ವ್ಯತ್ಯಾಸ ತೋರಿಸಿಲ್ಲ. ಆದರೆ ದಿಕ್ಕು ಅದೇ.

ಜಿಮ್‌ನಲ್ಲಿ ಇದು ಹೇಗೆ ಕಾಣಬೇಕು? ಭಾರ ಎತ್ತುವಾಗ ಮೊದಲ ಹತ್ತು ಸೆಕೆಂಡಿನ ಶಕ್ತಿ ಬಹುಪಾಲು ಈ ಸಂಗ್ರಹದಿಂದ ಬರುತ್ತದೆ. ಎರಡು ಸೆಟ್‌ಗಳ ನಡುವೆ ಕೂತಾಗ ಅದು ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಮೊದಲ ಸೆಟ್‌ಗಿಂತ ಕೊನೆಯ ಸೆಟ್‌ನಲ್ಲಿ ವ್ಯತ್ಯಾಸ ಹುಡುಕಿ. 60 ಕೆಜಿ ಸ್ಕ್ವಾಟ್‌ನಲ್ಲಿ ಮೊದಲು 8, 7, 6 ಬರುತ್ತಿತ್ತು ಎಂದುಕೊಳ್ಳಿ. ಈಗ ಅದೇ ವಿಶ್ರಾಂತಿ ಇಟ್ಟುಕೊಂಡು 8, 8, 7 ಬಂದರೆ, ಅದೇ ಇದರ ಕೆಲಸ. ಆ ಎರಡು ಹೆಚ್ಚುವರಿ ರೆಪ್ಸ್ ವಾರಕ್ಕೆ ಮೂರು ದಿನ ಸೇರುತ್ತಾ ಹೋಗಿ ನಿಧಾನಕ್ಕೆ ಸ್ನಾಯುವಾಗುತ್ತದೆ. ಪುಡಿ ತಾನಾಗಿ ಸ್ನಾಯು ಕಟ್ಟುವುದಿಲ್ಲ. ನೀವು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರೆ ಎರಡು ತಿಂಗಳ ಹಿಂದಿನ ಪುಟ ತೆಗೆದು ಹೋಲಿಸಿ. ಬರೆದಿಡುತ್ತಿಲ್ಲ ಅಂದ್ರೆ ಇವತ್ತೇ ಶುರು ಮಾಡಿ, ಬೇರೆ ಸಾಕ್ಷಿ ನಿಮ್ಮ ಬಳಿ ಇರುವುದಿಲ್ಲ.

ಮೊದಲ ಕೆಲವು ವಾರಗಳಲ್ಲಿ ಒಂದು ಕೆಜಿ ಹೆಚ್ಚುಕಡಿಮೆ ತೂಕ ಏರಿರಬಹುದು. ಅದು ಕ್ರಿಯೇಟಿನ್ ಜೊತೆ ಸ್ನಾಯುವಿನೊಳಗೆ ಹೋದ ನೀರು, ಕೊಬ್ಬಲ್ಲ. ಹಾಗೆಯೇ ಅದನ್ನು ಸ್ನಾಯು ಬೆಳೆಯಿತು ಎಂದು ಲೆಕ್ಕ ಹಾಕಿಕೊಳ್ಳುವುದೂ ಬೇಡ. ಇನ್ನೊಂದು ಮಾತು, ಸಸ್ಯಾಹಾರಿಗಳಿಗಾಗಿಯೇ. ದಿನವಿಡೀ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಅದನ್ನು ಕ್ರಿಯೇಟಿನ್ ಸರಿಮಾಡುವುದಿಲ್ಲ. ಬಿ12 ಮತ್ತು ಕಬ್ಬಿಣದ ಅಂಶ ನೋಡಿಸಿ. ಹೇಗೂ ರಕ್ತ ಕೊಡಲು ಹೋಗುತ್ತಿದ್ದೀರಲ್ಲ.

ಪ್ರಮಾಣ ಕಡಿಮೆ ಮಾಡಬಹುದು. 68 ಕೆಜಿಗೆ ದಿನಕ್ಕೆ 3 ಗ್ರಾಂ ಸಾಕು. ದಿನಕ್ಕೆ 20 ಗ್ರಾಂನಂತೆ ಆರು ದಿನ ತಗೊಂಡರೆ ಎಷ್ಟು ತುಂಬುತ್ತದೋ, 3 ಗ್ರಾಂನಂತೆ 28 ದಿನಕ್ಕೂ ಅಷ್ಟೇ ತುಂಬುತ್ತದೆ ಎಂದು 1996ರಲ್ಲಿ ತೋರಿಸಿದ್ದಾರೆ. 20 ಗ್ರಾಂನ ಲೋಡಿಂಗ್‌ನಲ್ಲಿ ಹೊಟ್ಟೆ ಕೆಡುವುದೇ ಹೆಚ್ಚು. ಡಬ್ಬಿಯ ಚಮಚವನ್ನು ಒಮ್ಮೆ ಚಿಕ್ಕ ತಕ್ಕಡಿಯಲ್ಲಿ ತೂಗಿ ನೋಡಿ, ಗೋಪುರದಂತೆ ತುಂಬಿದ ಚಮಚಕ್ಕೂ ಸಮ ಮಾಡಿದ ಚಮಚಕ್ಕೂ ಬಹಳ ಅಂತರ. ತಣ್ಣೀರಿನಲ್ಲಿ ಪುಡಿ ಮರಳಿನ ಹಾಗೆ ತಳಕ್ಕೆ ಕೂರುತ್ತದೆ. ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕಿ, ತಳದಲ್ಲಿ ಉಳಿದದ್ದಕ್ಕೆ ಇನ್ನೊಂದು ಗುಟುಕು ನೀರು ಹಾಕಿ ಕುಡಿಯಿರಿ. ಕಲಸಿ ದಿನಗಟ್ಟಲೆ ಇಡಬೇಡಿ, ನೀರಿನಲ್ಲಿ ಅದು ನಿಧಾನವಾಗಿ ಕ್ರಿಯೇಟಿನಿನ್ ಆಗಿಬಿಡುತ್ತದೆ. ಬೆಳಗ್ಗೆಯೋ ಸಂಜೆಯೋ ಎಂಬುದು ಮುಖ್ಯವಲ್ಲ, ಜಿಮ್ ಇಲ್ಲದ ದಿನವೂ ತಪ್ಪದೆ ತಗೊಳ್ಳುವುದು ಮುಖ್ಯ.

ಮಾಂಸದಿಂದ ತೆಗೆದ ವಸ್ತುವಾ ಎಂಬ ಅನುಮಾನವೂ ನಿಮ್ಮಂಥ ಹಲವರಿಗೆ ಇರುತ್ತದೆ. 1832ರಲ್ಲಿ ಮೊದಲು ಪತ್ತೆಯಾಗಿದ್ದು ಮಾಂಸದಲ್ಲೇ, ನಿಜ. ಈಗ ಮಾರುವ ಪುಡಿ ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ರಾಸಾಯನಿಕಗಳಿಂದ ಕಾರ್ಖಾನೆಯಲ್ಲಿ ಆಗುತ್ತದೆ, ಪ್ರಾಣಿ ಮೂಲದ್ದಲ್ಲ. ಕ್ಯಾಪ್ಸೂಲ್ ತಗೊಂಡರೆ ಮಾತ್ರ ಅದರ ಕವಚ ಜೆಲಾಟಿನ್‌ದಾಗಿರಬಹುದು, ಲೇಬಲ್ ಓದಿ. ಲೇಬಲ್ ಮೇಲೆ ಕ್ರಿಯೇಟಿನ್ ಮೊನೊಹೈಡ್ರೇಟ್ ಎಂಬ ಒಂದೇ ಹೆಸರಿರಲಿ. ಹೆಚ್ಚು ದುಡ್ಡು ಕೇಳುವ ಬೇರೆ ರೂಪಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಪುರಾವೆ ಇಲ್ಲ. ಹತ್ತು ವಸ್ತು ಬೆರೆಸಿದ ಪ್ರೀ-ವರ್ಕೌಟ್ ಡಬ್ಬಿಯಂತೂ ಬೇಡ, ನಾಳೆ ಏನಾದರೂ ಆದರೆ ಯಾವುದರಿಂದ ಎಂದು ಯಾರೂ ಹೇಳಲಾರರು.

ಸದ್ಯಕ್ಕೆ ನೀವು ಮಾಡಬೇಕಾದ್ದು ಇಷ್ಟು. ಡಾಕ್ಟರ ಹತ್ತಿರ ಹೋಗಿ, ಕ್ರಿಯೇಟಿನ್ ತಗೊಳ್ಳುತ್ತಿದ್ದೇನೆ, ಇಷ್ಟು ಗ್ರಾಂ, ಇಂಥ ದಿನದಿಂದ ಎಂದು ಬಾಯಿಬಿಟ್ಟು ಹೇಳಿ. ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಆ ಎರಡು ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಮನೆಯವರ ಸಮಾಧಾನಕ್ಕೆ ನಿಲ್ಲಿಸಿದರೂ ನಷ್ಟವಿಲ್ಲ, ತುಂಬಿದ ಸಂಗ್ರಹ ಖಾಲಿಯಾಗಲು ವಾರಗಳೇ ಬೇಕು. ವರದಿ ಬಂದ ಮೇಲೆ ಸಿಸ್ಟಾಟಿನ್ ಸಂಖ್ಯೆ ಮತ್ತು ಮೂತ್ರದ ಅನುಪಾತ ಎರಡನ್ನೂ ನನಗೆ ಬರೆದು ಕಳಿಸಿ.